ಸೆಟ್ಲ್‌ಮೆಂಟ್ ಶೀಟ್‌ಗೂ ಆರ್ಡರ್‌ಗೂ ತಾಳೆ ಹಾಕೋದು: ಪುಣೆ ಕಡೆ ಮಾರೋ ನಮ್ಮವರು ಪದೇ ಪದೇ ಕೇಳೋ ಪ್ರಶ್ನೆಗಳು

ಚಿಂಚವಾಡ, ಭೋಸರಿ, ಹಡಪ್ಸರ್ ಕಡೆ ಅಮೆಜಾನ್, ಫ್ಲಿಪ್‌ಕಾರ್ಟ್‌ದಂಥ ಮಾರ್ಕೆಟ್‌ಪ್ಲೇಸ್ ಮ್ಯಾಲೆ ಆನ್‌ಲೈನ್‌ದಾಗ ಮಾಲ್ ಮಾರೋ ಕನ್ನಡದ ಮಂದಿ ಲೆಕ್ಕ ನಾ ನೋಡ್ತೀನಿ, ಹಂಗಾಗಿ ತಿಂಗಳಾ ಬಂದ್ರ ಫೋನ್ ಮ್ಯಾಲೆ ಅದೇ ಅದೇ ಪ್ರಶ್ನೆ ಬರ್ತಾವ. ಎಲ್ಲಾ ಒಂದ ಕಡೆ ಬರದ ಇಟ್ಟೀನಿ. ಉದಾಹರಣೆಗೆ ಎಲ್ಲಾ ಕಡೆ ಸೋಲಾಪುರ ಚಾದರ್‌ನ ತಗೊಂಡೀನಿ, ಅಲ್ಲಿಂದ ತರಿಸಿ ಇಲ್ಲಿ ಪ್ಯಾಕ್ ಮಾಡಿ ಕಳಸೋದು ಹ್ಯಾಂಗ ಅನ್ನೋದು ನಿಮಗೆಲ್ಲಾ ಗೊತ್ತಿದ್ದದ್ದೇ. ಕಮಿಷನ್, ಶಿಪ್ಪಿಂಗ್ ರೇಟ್ ಲೆಕ್ಕ ತಿಳೀಲಿ ಅಂತ ನಾ ಹಾಕಿದ ಅಂಕಿ, ನಿಮ್ಮ ರೇಟ್ ಕಾರ್ಡ್ ಬ್ಯಾರೆ ಇರ್ತದ.

ಬ್ಯಾಂಕಿಗೆ ಬಂದ ರೊಕ್ಕ ಮತ್ತ ಸೆಟ್ಲ್‌ಮೆಂಟ್ ಶೀಟಿನ ಟೋಟಲ್ ಪೈಸೆಗೆ ಪೈಸೆ ಕೂಡ್ತದ. ಮತ್ತ ಇನ್ನೇನು ನೋಡೋದ್ರಿ?

ಅದು ಕೂಡೇ ಕೂಡ್ತದ್ರಿ. ತಮ್ಮ ಫೀ ಕಳದು "ಇಷ್ಟು ಕೊಡ್ತೀವಿ" ಅಂತ ಆ ಶೀಟಿನಾಗ ಮಾರ್ಕೆಟ್‌ಪ್ಲೇಸ್‌ದವರೇ ಬರದಾರ, ಅಷ್ಟನ್ನ ಅವರೇ ಹಾಕ್ಯಾರ, ಅದ್ರಾಗ ತಪ್ಪ ಬರೋದು ಅಪರೂಪ. ಆದ್ರ ಎಷ್ಟು ಕೊಡಬೇಕಿತ್ತು ಅನ್ನೋದು ಆ ಶೀಟಿನಾಗ ಎಲ್ಲೂ ಇರಂಗಿಲ್ಲ, ಅದನ್ನ ನೀವೇ ತಯಾರ ಮಾಡಬೇಕು. ಬ್ಯಾಂಕ್ ತಾಳೆ ಬ್ಯಾಡ ಅನ್ನಂಗಿಲ್ಲ, ಶೀಟಿನ ಮ್ಯಾಲೆ ಇರೋ ಯುಟಿಆರ್ ನಂಬರ್‌ನ ಪಾಸ್‌ಬುಕ್ಕಿನಾಗ ಹುಡುಕಿ ಟಿಕ್ ಹಾಕೋದು ಸ್ವಲ್ಪ ಹೊತ್ತಿನ ಕೆಲಸ, ಮೊದಲ ಅದನ್ನ ಮುಗಸ್ರಿ. ಅದು ಮುಗದ ಮ್ಯಾಲೆ ಖರೆ ಕೆಲಸ ಶುರು.

ಯಾವ ಯಾವ ಫೈಲ್ ಇಳಿಸ್ಕೋಬೇಕು?

ಅವರ ಕಡೆಯಿಂದ ಮೂರು: ಆರ್ಡರ್ ರಿಪೋರ್ಟ್, ಪೇಮೆಂಟ್ ರಿಪೋರ್ಟ್, ರಿಟರ್ನ್ ರಿಪೋರ್ಟ್. ಪೇಮೆಂಟ್ ರಿಪೋರ್ಟ್ ಅಂದ್ರ ಆ ಒಂದ ಪೇಜಿನ ಚಂದನ ಪಿಡಿಎಫ್ ಅಲ್ರಿ, ಒಂದೊಂದು ಆರ್ಡರ್‌ಗೆ ಕಮಿಷನ್ ಎಷ್ಟು, ಶಿಪ್ಪಿಂಗ್ ಎಷ್ಟು, ಟ್ಯಾಕ್ಸ್ ಎಷ್ಟು ಅಂತ ಸಾಲು ಸಾಲು ಇರೋ ಉದ್ದನ ಫೈಲ್.

ನಿಮ್ಮ ಕಡೆಯಿಂದ ಎರಡು. ಒಂದು ಗೋಡೌನ್ ಬಾಗಲದಾಗ ಇಟ್ಟ ರಿಟರ್ನ್ ರಜಿಸ್ಟರ್, ಅದರ ಬಗ್ಗೆ ಮುಂದ ಹೇಳ್ತೀನಿ. ಇನ್ನೊಂದು ಆ ತಿಂಗಳ ರೇಟ್ ಕಾರ್ಡ್. ರೇಟ್ ಕಾರ್ಡ್ ಬದಲಾಗ್ತಾನೇ ಇರ್ತದ, ಹಳೇದು ಆಮ್ಯಾಲೆ ಪೋರ್ಟಲ್‌ದಾಗ ಸಿಗೋ ಗ್ಯಾರಂಟಿ ಇಲ್ಲ, ಅದಕ್ಕ ಪ್ರತಿ ತಿಂಗಳಾ ಒಂದನೇ ತಾರೀಖಿಗೆ ಸ್ಕ್ರೀನ್‌ಶಾಟ್ ತಗದು ತಾರೀಖ ಹಾಕಿ ಇಡ್ರಿ. ದೀಪಾವಳಿ ಸೇಲ್ ಮುಂದ ಬದಲಾದ ರೇಟ್‌ನ ಸಂಕ್ರಾಂತಿಗೆ ಕುಂತು ಪ್ರಶ್ನೆ ಮಾಡಾಕ ಹೋದ್ರ ಕೈಯಾಗ ಏನೂ ಇರಂಗಿಲ್ಲ.

ತಿಂಗಳಾ ಪ್ರಕಾರ ಹೊಂದಸಾಕ ಹೋದ್ರ ಎಂದೂ ಹೊಂದೋದೇ ಇಲ್ಲಲ್ರಿ?

ಹೊಂದಂಗಿಲ್ಲ ಬಿಡ್ರಿ. ಮಾರ್ಚ್ 27ಕ್ಕ ಹೋದ ಚಾದರ್ ಏಪ್ರಿಲ್ 2ಕ್ಕ ಮುಟ್ಟಿರ್ತದ, ರೊಕ್ಕ ಏಪ್ರಿಲ್ ನಡುವ ಬಂದಿರ್ತದ, ಗಿರಾಕಿ ವಾಪಸ್ ಕಳಿಸಿದ್ರ ರಿಫಂಡ್ ಸಾಲು ಏಪ್ರಿಲ್ ಕೊನೀಗೆ ಕೂತಿರ್ತದ, ತೂಕ ಜಾಸ್ತಿ ಅಂತ ಮತ್ತೊಂದು ಕಟ್ ಮೇ ತಿಂಗಳದಾಗ ಬಂದ್ರೂ ಬಂತು. ಒಂದ ಆರ್ಡರ್‌ಗೆ ಮೂರ ಸಾಲು, ಮೂರ ಬ್ಯಾರೆ ಬ್ಯಾರೆ ಸೆಟ್ಲ್‌ಮೆಂಟ್‌ದಾಗ. ಅದಕ್ಕ ತಾರೀಖ ಮರೀರಿ, ಆರ್ಡರ್ ಐಟಂ ಐಡಿ ಹಿಡೀರಿ. ಒಂದ ಆರ್ಡರ್‌ದಾಗ ಎರಡು ಚಾದರ್ ಇದ್ದು ಒಂದು ಅಷ್ಟ ವಾಪಸ್ ಬಂದ್ರ ಬರೇ ಆರ್ಡರ್ ಐಡಿ ಮ್ಯಾಲೆ ಹೋದ್ರ ಗೋಜಲು ಆಗ್ತದ, ಹಂಗಾಗಿ ಐಟಂ ಮಟ್ಟದ ಐಡಿನೇ ಬೇಕು.

ಪೇಮೆಂಟ್ ಫೈಲ್ ಎಲ್ಲಾ ಒಂದರ ಕೆಳಗ ಒಂದು ಒಂದೇ ಶೀಟಿಗೆ ಅಂಟಸ್ಕೋತ ಹೋಗ್ರಿ, ವರ್ಷಾಪೂರ್ತಿ ಒಂದೇ ಶೀಟ್. ಆರ್ಡರ್ ಶೀಟಿನಾಗ ಪ್ರತಿ ಐಡಿ ಎದುರಿಗೆ ಆ ಐಡಿದು ಎಲ್ಲಾ ಸಾಲು ಕೂಡಿಸಿ ಬಂದ ಮೊತ್ತ ಇರಬೇಕು:

```
=SUMIFS(Pay!F:F,Pay!A:A,A2)
```

`Pay` ಅನ್ನೋದು ಪೇಮೆಂಟ್ ಶೀಟ್, ಅದ್ರಾಗ ಎ ಕಾಲಂ ಐಡಿ, ಎಫ್ ಕಾಲಂ ಆ ಸಾಲಿನ ನಿವ್ವಳ ಮೊತ್ತ. ಇಡೀ ಕೆಲಸದಾಗ ಮುಖ್ಯ ಫಾರ್ಮುಲಾ ಇದೊಂದೇ. ವಿಲುಕಪ್ ಹಾಕಬ್ಯಾಡ್ರಿ, ಅದು ಮೊದಲ ಸಿಕ್ಕ ಸಾಲು ತಗೊಂಡು ನಿಲ್ತದ, ಕೆಳಗಿನ ರಿಫಂಡ್ ಸಾಲು, ತೂಕದ ಸಾಲು ಕಾಣೋದೇ ಇಲ್ಲ.

ಎಕ್ಸೆಲ್‌ದಾಗ ತಗದ್ರ ಐಡಿ ಎಲ್ಲಾ 4.1E+17 ಅಂತ ಆಗ್ತದ, ಏನ ಮಾಡ್ಲಿ?

ಇದು ಭಾಳ ಮಂದಿ ಎಡವೋ ಜಾಗ, ಸಮಾಧಾನದಿಂದ ಓದ್ರಿ. ಎಕ್ಸೆಲ್ ಒಂದ ನಂಬರ್‌ದಾಗ 15 ಅಂಕಿ ಅಷ್ಟ ಇಟ್ಕೋತದ, ಅದಕ್ಕಿಂತ ಉದ್ದ ಇದ್ರ ಮುಂದಿನ ಅಂಕಿ ಎಲ್ಲಾ ಸೊನ್ನೆ ಮಾಡ್ತದ. ಸಿಎಸ್‌ವಿ ಫೈಲ್ ಮ್ಯಾಲೆ ಡಬಲ್ ಕ್ಲಿಕ್ ಮಾಡಿ ತಗದು ಸೇವ್ ಒತ್ತಿದ್ರೋ ಮುಗೀತು, ಖರೆ ಐಡಿ ಹೋತು, ಫಾರ್ಮ್ಯಾಟ್ ಬದಲ ಮಾಡಿದ್ರ ವಾಪಸ್ ಬರಂಗಿಲ್ಲ, ಫೈಲ್ ಮತ್ತ ಇಳಿಸ್ಕೋಬೇಕು. ಅದಕ್ಕ ಡೇಟಾ ಮೆನು ಒಳಗಿಂದ ಇಂಪೋರ್ಟ್ ಮಾಡ್ರಿ, ಐಡಿ ಕಾಲಂಗೆ ಟೆಕ್ಸ್ಟ್ ಅಂತ ಆರಿಸ್ರಿ.

ಟೆಕ್ಸ್ಟ್ ಮಾಡಿದ್ರೂ ಇನ್ನೊಂದು ಕುಣಿ ಅದ. SUMIFS ಮತ್ತ COUNTIF ಎರಡೂ ಅಂಕಿ ಅಷ್ಟ ಇರೋ ಟೆಕ್ಸ್ಟ್‌ನ ತಾವೇ ನಂಬರ್ ಅಂತ ತಿಳ್ಕೊಂಡು ಹೋಲಿಸ್ತಾವ, ಹಂಗಾಗಿ ಮೊದಲ 15 ಅಂಕಿ ಒಂದೇ ಇದ್ದು ಕೊನೀದು ಬ್ಯಾರೆ ಇರೋ ಎರಡು ಆರ್ಡರ್ ಅದರ ಕಣ್ಣಿಗೆ ಒಂದೇ, ಎರಡರ ರೊಕ್ಕಾನೂ ಕೂಡಿಸಿ ಕೊಡ್ತದ. ಒಂದ ಆರ್ಡರ್‌ಗೆ ಡಬಲ್ ಪೇಮೆಂಟ್ ಬಂದಂಗ ಕಂಡ್ರ ಖುಷಿ ಪಡಾಕ ಹೋಗಬ್ಯಾಡ್ರಿ, ಮೊದಲ ಇದನ್ನ ನೋಡ್ರಿ. ಉಪಾಯ ಸಸಾರ ಅದ, ಎರಡೂ ಶೀಟಿನಾಗ ಐಡಿ ಮುಂದ ಒಂದ ಅಕ್ಷರ ಜೋಡಸ್ರಿ:

```
="A"&B2
```

ಈಗ ಅದು ನಂಬರ್ ಅಂತ ತಪ್ಪ ತಿಳಿಯಾಕ ದಾರಿನೇ ಇಲ್ಲ. ಅಮೆಜಾನ್ ಆರ್ಡರ್ ಐಡಿ ನಡುವ ಅಡ್ಡಗೆರೆ ಇರ್ತದ, ಫ್ಲಿಪ್‌ಕಾರ್ಟ್ ಆರ್ಡರ್ ಐಡಿ OD ಅಂತ ಶುರು ಆಗ್ತದ, ಅವಕ್ಕ ಈ ತ್ರಾಸ ಇಲ್ಲ. ಬರೇ ಅಂಕಿ ಇರೋ ಉದ್ದನ ಐಟಂ ಐಡಿಗೆ ಅಷ್ಟ ಈ ಜಂಜಾಟ.

ಬಂದ ಮೊತ್ತ ಗೊತ್ತಾತು. ಬರಬೇಕಾದ ಮೊತ್ತ ಹ್ಯಾಂಗ ತಗೀಬೇಕು?

ಆರ್ಡರ್ ಕೊನೀಗೆ ಏನಾತು ಅನ್ನೋದನ್ನ ಮೊದಲ ಬರೀರಿ. ಮುಟ್ಟಿ ಗಿರಾಕಿ ಕಡೆ ಉಳೀತು. ಮುಟ್ಟದೇನೇ ಕೊರಿಯರ್‌ದವ ವಾಪಸ್ ತಂದ, ಅದಕ್ಕ ಆರ್‌ಟಿಓ ಅಂತಾರ. ಮುಟ್ಟಿದ ಮ್ಯಾಲೆ ಗಿರಾಕಿ ವಾಪಸ್ ಕಳಿಸಿದ. ಇಲ್ಲಾ ದಾರಿಯಾಗ ಎಲ್ಲೋ ಕಳೀತು. ಈ ನಾಕರಾಗ ಒಂದು ಇದ್ದೇ ಇರ್ತದ. ಒಂದೊಂದಕ್ಕ ಸರಿ ಮೊತ್ತ ಒಂದೇ ಇರ್ತದ.

ಗಿರಾಕಿ ಕಡೆ ಉಳೀತು ಅಂದ್ರ ಮಾರಿದ ಬೆಲೆಯಾಗ ರೇಟ್ ಕಾರ್ಡ್ ಪ್ರಕಾರ ಕಳದು ಉಳಿದದ್ದು ಬರಬೇಕು. ಆರ್‌ಟಿಓ ಅಂದ್ರ, ನಿಮ್ಮ ರೇಟ್ ಕಾರ್ಡಿನಾಗ ಆರ್‌ಟಿಓಗೆ ಚಾರ್ಜ್ ಇಲ್ಲ ಅಂತಿದ್ರ, ಆ ಐಡಿದು ಎಲ್ಲಾ ಸಾಲು ಕೂಡಿಸಿ ಸೊನ್ನೆ ಆಗಬೇಕು. ಗಿರಾಕಿ ವಾಪಸ್ ಕಳಿಸಿದ್ರ ರಿವರ್ಸ್ ಶಿಪ್ಪಿಂಗ್ ಮತ್ತ ಅದರ ಮ್ಯಾಲಿನ ಜಿಎಸ್‌ಟಿ, ಎಲ್ಲೆರೆ ರಿಫಂಡ್ ಫೀ ಅಂತ ಬರದಿದ್ರ ಅದೂ, ಅಷ್ಟ ಮೈನಸ್ ಉಳೀಬೇಕು, ಕಮಿಷನ್ ಮೈನಸ್ ಉಳದಿತ್ತು ಅಂದ್ರ ಅವರು ವಾಪಸ್ ತಿರುಗಿಸೋದು ಮರತಾರ. ಕಳೀತು ಅಂದ್ರ ಪಾಲಿಸಿ ಪ್ರಕಾರ ಪರಿಹಾರ ಬರಬೇಕು, ಮೊತ್ತ ಸೊನ್ನೆ ಇದ್ರ ಅದು ನಿಮ್ಮ ಬಾಕಿ.

ಸೊನ್ನೆ ಅನ್ನೋದು ಆರ್‌ಟಿಓಗೆ ಸರಿ, ಕಳದ ಮಾಲಿಗೆ ತಪ್ಪು. ಬರೇ ರೊಕ್ಕದ ಕಾಲಂ ನೋಡಿದ್ರ ಇವೆರಡೂ ಒಂದೇ ಥರ ಕಾಣ್ತಾವ, ಅದಕ್ಕ ಆರ್ಡರ್ ಗತಿ ಬರೀಲಾರದ ತಾಳೆ ಹಾಕಿದವರಿಗೆ ಕಳದ ಪಾರ್ಸಲ್ ಎಂದೂ ಸಿಗಂಗಿಲ್ಲ.

ಒಂದ ಚಾದರ್ ಲೆಕ್ಕ ಪೂರ್ತಿ ಮಾಡಿ ತೋರಸ್ರಿ.

ಮಾರಿದ ಬೆಲೆ ₹799, ಅದ್ರಾಗ 5% ಜಿಎಸ್‌ಟಿ ಸೇರೇದ, ಅಂದ್ರ ತೆರಿಗೆ ಬಿಟ್ಟ ಬೆಲೆ ₹760.95. ಕಮಿಷನ್ 10% ಅಂತ ಹಿಡದ್ರ ₹79.90, ಫಿಕ್ಸ್ಡ್ ಫೀ ₹30, 2 ಕಿಲೋ ಸ್ಲ್ಯಾಬ್‌ದ ಶಿಪ್ಪಿಂಗ್ ₹110. ಮೂರೂ ಕೂಡಿ ₹219.90, ಅದರ ಮ್ಯಾಲೆ 18% ಜಿಎಸ್‌ಟಿ ₹39.58. ಆಮ್ಯಾಲೆ ಟಿಸಿಎಸ್ ₹3.80, ಟಿಡಿಎಸ್ 76 ಪೈಸೆ. ಎಲ್ಲಾ ಕಳದ್ರ ಕೈಗೆ ಬರಬೇಕಾದ್ದು ₹534.96.

ಈಗ ಪೇಮೆಂಟ್ ಶೀಟಿನಾಗ ಅದೇ ಚಾದರ್‌ಗೆ ₹487.76 ಅಂತ ಬಂತು ಅನ್ರಿ. ಫರಕು ₹47.20. ಈ ಅಂಕಿನ 1.18 ರಿಂದ ಭಾಗಿಸ್ರಿ, ₹40 ಬರ್ತದ. ಫೀ ಮ್ಯಾಲೆಲ್ಲಾ 18% ಇರೋದ್ರಿಂದ ಫರಕನ್ನ 1.18 ರಿಂದ ಭಾಗಿಸಿದಾಗ ರೌಂಡ್ ಅಂಕಿ ಬಂತು ಅಂದ್ರ ಯಾವುದೋ ಫೀ ಸ್ಲ್ಯಾಬ್ ಬದಲಾಗ್ಯದ ಅಂತ ತಿಳ್ಕೋಬಹುದು. ರೇಟ್ ಕಾರ್ಡ್ ತಗದು ನೋಡಿದ್ರ 3 ಕಿಲೋ ಸ್ಲ್ಯಾಬ್ ₹150. ಅಂದ್ರ 2 ಕಿಲೋ ಮಾಲಿಗೆ 3 ಕಿಲೋ ಹಚ್ಚ್ಯಾರ.

ತೂಕದ ಕಟ್ ಎಲ್ಲಾ ಮೋಸ ಏನ್ರಿ? ನನ್ನ ಚಾದರ್ ಕಾಟಾ ಮ್ಯಾಲೆ ಬರೇ 1.4 ಕಿಲೋ ಅದ.

ಎಲ್ಲಾ ಮೋಸ ಅಲ್ರಿ, ಕಾಟಾ ತೂಕ ಒಂದೇ ನೋಡಿ ಜಗಳಕ್ಕ ಹೋದ್ರ ನೀವೇ ಸೋಲ್ತೀರಿ. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ದಾಗ ಗುಣಿಸಿ 5000 ರಿಂದ ಭಾಗಿಸಿದ್ರ ವಾಲ್ಯೂಮೆಟ್ರಿಕ್ ತೂಕ ಬರ್ತದ, ಅದಕ್ಕೂ ಕಾಟಾ ತೂಕಕ್ಕೂ ಯಾವುದು ಜಾಸ್ತಿನೋ ಅದರ ಮ್ಯಾಲೆ ಚಾರ್ಜ್. ನಿಮ್ಮ ಪ್ಯಾಕೆಟ್ 32, 28, 9 ಇದ್ರ 8064, ಭಾಗಿಸಿದ್ರ 1.61 ಕಿಲೋ. ಅರ್ಧ ಕಿಲೋ ಸ್ಲ್ಯಾಬ್ ಲೆಕ್ಕದಾಗ ಅದು 2 ಕಿಲೋಕ್ಕ ಹೋಗ್ತದ. ಹಂಗಾಗಿ 2 ಕಿಲೋ ಚಾರ್ಜ್ ಸರಿನೇ ಅದ, ಅದಕ್ಕ ಕ್ಲೇಮ್ ಹಾಕಬ್ಯಾಡ್ರಿ.

ಆದ್ರ ಅದೇ ಚಾದರ್‌ನ ಪಾಲಿಬ್ಯಾಗಿನಾಗ ಹಾಕಿ ಕಳಿಸಿದ್ರ ದಾರಿಯಾಗ ಗಾಳಿ ತುಂಬಿ ಉಬ್ಬತದ, ಮಷಿನ್ ಕೆಳಗ ಹೋಗೋ ಹೊತ್ತಿಗೆ ಎತ್ತರ 9ರ ಬದಲಿ 14 ಆಗಿರ್ತದ. 32, 28, 14 ಅಂದ್ರ 12544, ಭಾಗಿಸಿದ್ರ 2.51 ಕಿಲೋ, ಬರೇ ಹತ್ತು ಗ್ರಾಮ್ ದಾಟಿದ್ದಕ್ಕ 3 ಕಿಲೋ ಸ್ಲ್ಯಾಬ್. ಇದನ್ನ ಗುರುತು ಹಿಡಿಯೋ ದಾರಿ ಏನಂದ್ರ ಒಂದ ಎಸ್‌ಕೆಯುಗೆ, ಅಂದ್ರ ಒಂದ ನಮೂನಿ ಮಾಲಿಗೆ, ಪಿವೋಟ್ ಹಾಕಿ ಆ ತಿಂಗಳದಾಗ ಹಚ್ಚಿದ ತೂಕ ಕಡಿಮಿ ಎಷ್ಟು, ಜಾಸ್ತಿ ಎಷ್ಟು ನೋಡ್ರಿ. ಒಂದೇ ಮಾಲು, ಒಂದೇ ಪ್ಯಾಕಿಂಗ್, ಕೆಲವಕ್ಕ 2 ಕೆಲವಕ್ಕ 3 ಅಂದ್ರ ಅಳತೆ ಎಲ್ಲೋ ಜೋಲಿ ಹೊಡೀಲಿಕತ್ತದ, ಅದಕ್ಕ ಕ್ಲೇಮ್ ಹಾಕಬಹುದು. ಎಲ್ಲಾನೂ 3ಕ್ಕ ಬಂದಾವ ಅಂದ್ರ ಮೊದಲ ನಿಮ್ಮ ಪ್ಯಾಕೆಟ್ ನೀವೇ ಟೇಪ್ ಹಿಡದು ಅಳೀರಿ, ಇಲ್ಲಾ ಲಿಸ್ಟಿಂಗ್‌ದಾಗ ನೀವೇ ಹಾಕಿದ ಅಳತೆ ನೋಡ್ರಿ.

ಸಾಕ್ಷಿಗೆ ಫೋಟೋ ಬೇಕು: ಪ್ಯಾಕೆಟ್ ಮ್ಯಾಲೆ ಕೊರಿಯರ್ ನಂಬರ್ ಇರೋ ಏಡಬ್ಲ್ಯೂಬಿ ಲೇಬಲ್ ಓದಾಕ ಬರಬೇಕು, ಪಕ್ಕದಾಗ ಟೇಪ್ ಮ್ಯಾಲಿನ ಅಂಕಿ ಕಾಣಬೇಕು, ಮೂರೂ ಕಡೆಯಿಂದ ಒಂದೊಂದು, ಆಮ್ಯಾಲೆ ಕಾಟಾ ಮ್ಯಾಲೆ ಇಟ್ಟು ಒಂದು. ಲೇಬಲ್ ಇಲ್ಲದ ಫೋಟೋ ಯಾವ ಪಾರ್ಸಲ್‌ದು ಅಂತ ಅವರು ನಂಬಂಗಿಲ್ಲ, ನಾವಿದ್ರೂ ನಂಬತಿರಲಿಲ್ಲ. ಮಾಲ್ ಬಿಗಿ ಒತ್ತಿ ತೆಳ್ಳನ ಡಬ್ಬಿಯಾಗ ಹಾಕಿದ್ರ ಎತ್ತರ ಬದಲಾಗಂಗಿಲ್ಲ, ಡಬ್ಬಿ ಖರ್ಚು ₹40 ಕಟ್‌ಗಿಂತ ಕಡಿಮಿ ಬಿದ್ರ ಡಬ್ಬಿನೇ ಪಾಡು.

ಆರ್‌ಟಿಓಗೆ ರಿಟರ್ನ್ ಚಾರ್ಜ್ ಕಟ್ ಮಾಡ್ಯಾರ ಅಂತ ಹ್ಯಾಂಗ ಸಾಬೀತ ಮಾಡೋದು?

ಟ್ರ್ಯಾಕಿಂಗ್ ತಗೀರಿ, "ಡೆಲಿವರ್ಡ್" ಅನ್ನೋ ಸ್ಕ್ಯಾನ್ ಎಲ್ಲೆರೆ ಅದ ಏನ್ ನೋಡ್ರಿ. ಗಿರಾಕಿ ಕೈಗೆ ಮುಟ್ಟಿದ ಸ್ಕ್ಯಾನ್ ಇಲ್ಲ, "ಗಿರಾಕಿ ಸಿಗಲಿಲ್ಲ", "ತಗೋಳ್ಳಾಕ ಒಪ್ಪಲಿಲ್ಲ" ಅಂತ ಎರಡು ಮೂರು ಎಂಟ್ರಿ ಆಗಿ ವಾಪಸ್ ಹೊರಟದ ಅಂದ್ರ ಅದು ಆರ್‌ಟಿಓ, ರಿಪೋರ್ಟ್‌ದಾಗ ಏನರೆ ಬರದಿರಲಿ. ಇನ್ನೊಂದು ಗುರುತು ಅಂದ್ರ ಆರ್‌ಟಿಓ ಬಹಳ ಸಲ ಹೋದ ಏಡಬ್ಲ್ಯೂಬಿ ಮ್ಯಾಲೇ ವಾಪಸ್ ಬರ್ತದ, ಗಿರಾಕಿ ರಿಟರ್ನ್‌ಗೆ ಹೊಸಾ ಪಿಕಪ್ ನಂಬರ್ ಹುಟ್ಟಿರ್ತದ.

ಟ್ರ್ಯಾಕಿಂಗ್ ಪೇಜ್ ಕೆಲವು ವಾರ ಆದ ಮ್ಯಾಲೆ ತೋರಸೋದು ಬಂದ್ ಆಗ್ತದ, ಅದಕ್ಕ ಅನುಮಾನ ಬಂದ ದಿನಾನೇ ಸ್ಕ್ರೀನ್‌ಶಾಟ್ ತಗದು ಇಡ್ರಿ. ಈ ನಮೂನಿ ಕ್ಲೇಮ್ ಗೆಲ್ಲೋದು ಎಲ್ಲಕ್ಕಿಂತ ಸಸಾರ, ಯಾಕಂದ್ರ ಸಾಕ್ಷಿ ಪೂರಾ ಅವರದೇ ಸಿಸ್ಟಮ್‌ದಾಗ ಅದ.

ರಿಟರ್ನ್ "ಸೆಲ್ಲರ್‌ಗೆ ಮುಟ್ಟಿದೆ" ಅಂತ ತೋರಸ್ತದ, ಗೋಡೌನ್‌ದಾಗ ಮಾಲೇ ಇಲ್ಲ.

ಇದು ಬಾಗಲದಾಗ ಆಗೋ ಕಥಿ. ಸಂಜಿಗೆ ಕೊರಿಯರ್ ಹುಡುಗ ಒಂದ ಚೀಲ ತುಂಬ ರಿಟರ್ನ್ ತಂದು ಇಳಸ್ತಾನ, ಇಪ್ಪತ್ತು ಅದಾವ ಅಂತಾನ, ಪಿಕಪ್ ಗಾಡಿ ಹಿಂದ ಹಾರ್ನ್ ಹೊಡೀಲಿಕತ್ತಿರ್ತದ, "ಸೇಠ್, ಓಟಿಪಿ ಸಾಂಗಾ ನಾ" ಅಂತಾನ, ನಮ್ಮವರು ಹೇಳಿ ಕಳಸ್ತಾರ. ರಾತ್ರಿ ಎಣಿಸಿದ್ರ ಹದಿನೆಂಟು. ಆ ಎರಡು ಯಾವುವು ಅನ್ನೋದೂ ಗೊತ್ತಾಗಂಗಿಲ್ಲ, ಯಾಕಂದ್ರ ಒಂದ ಓಟಿಪಿಗೆ ಇಪ್ಪತ್ತೂ ಮುಟ್ಟಿದವು ಅಂತ ಸಿಸ್ಟಮ್‌ದಾಗ ಬಿದ್ದದ.

ಓಟಿಪಿ ಕೊಡೋ ಮೊದಲ ಒಂದೊಂದು ಪ್ಯಾಕೆಟ್ ಏಡಬ್ಲ್ಯೂಬಿ ಮೊಬೈಲ್‌ದಾಗ ಸ್ಕ್ಯಾನ್ ಮಾಡಿ ಶೀಟಿಗೆ ಇಳಿಸ್ರಿ, ಆಮ್ಯಾಲೆ ಅವನ ಲಿಸ್ಟಿಗೆ ಹೋಲಿಸ್ರಿ. ಕಡಿಮಿ ಇದ್ರ ಅವನ ಕಾಗದದ ಮ್ಯಾಲೇ "18 ಬಂದವು, ಈ ಎರಡು ನಂಬರ್ ಬಂದಿಲ್ಲ" ಅಂತ ಬರದು ಇಬ್ಬರೂ ಸಹಿ ಮಾಡಿ ಫೋಟೋ ಹೊಡೀರಿ. ಹುಡುಗ ಸಿಟ್ಟಿಗೇಳ್ತಾನ, ಏಳಲಿ, ಚಹಾ ಕುಡಿಸ್ರಿ. ಈ ಸ್ಕ್ಯಾನ್ ಶೀಟೇ ನಾ ಮೊದಲ ಹೇಳಿದ ರಿಟರ್ನ್ ರಜಿಸ್ಟರ್, ತಾರೀಖ, ಏಡಬ್ಲ್ಯೂಬಿ, ಒಳಗ ಮಾಲ್ ಹ್ಯಾಂಗ ಇತ್ತು, ಈ ಮೂರ ಕಾಲಂ ಸಾಕು. ವಾರಕ್ಕೊಮ್ಮೆ ಪೋರ್ಟಲ್‌ದ ರಿಟರ್ನ್ ರಿಪೋರ್ಟಿನಾಗ "ಮುಟ್ಟಿದೆ" ಅನ್ನೋ ಏಡಬ್ಲ್ಯೂಬಿ ಎಲ್ಲಾ ತಗೊಂಡು ರಜಿಸ್ಟರ್‌ದಾಗ ಹುಡುಕ್ರಿ:

```
=COUNTIF(Gate!B:B,A2)
```

`Gate` ಅನ್ನೋದು ರಜಿಸ್ಟರ್ ಶೀಟ್. ಸೊನ್ನೆ ಬಂದದ್ದೆಲ್ಲಾ ಬಾರದ ಮಾಲು. ಏಡಬ್ಲ್ಯೂಬಿನೂ ಬರೇ ಅಂಕಿ ಉದ್ದ ಇದ್ರ ಮ್ಯಾಲೆ ಹೇಳಿದ ಅಕ್ಷರ ಜೋಡಿಸೋದು ಮರೀಬ್ಯಾಡ್ರಿ.

ಒಡದದ್ದು, ಬದಲಿ ಮಾಲ್ ಬಂದದ್ದು ಅಂದ್ರ ಬಿಚ್ಚೋ ವಿಡಿಯೋ ಬೇಕು, ಲೇಬಲ್ ತೋರಿಸಿ ಶುರು ಮಾಡಿ ಒಳಗಿನ ಮಾಲ್ ಪೂರ್ತಿ ಬಿಚ್ಚೋ ತನಕ ಒಂದೇ ಸಮ, ನಡುವ ಕಟ್ ಇಲ್ಲದ ವಿಡಿಯೋ. ಹೊಸಾ ಚಾದರ್ ಕಳಿಸಿದ್ರ ಮಾಸಿದ ಹಳೇ ಬೆಡ್‌ಶೀಟ್ ವಾಪಸ್ ಬಂದದ್ದು ನೋಡೀನಿ, ಅದನ್ನ ಮಾತಿನಾಗ ಹೇಳಿದ್ರ ಯಾರೂ ಕೇಳಂಗಿಲ್ಲ. ಮಳೆಗಾಲದಾಗ ಲೇಬಲ್ ನೆನದು ಶಾಯಿ ಹರಡಿರ್ತದ, ಅಂಥದನ್ನ ಬಿಚ್ಚೋ ಮೊದಲ ಕೊರಿಯರ್ ಹುಡುಗನ ಮುಂದೇ ನಂಬರ್ ಕೇಳಿ ಬರಕೋರಿ.

ಒಂದ ತಿಂಗಳದ್ದು ಪೂರಾ ಮಾಡಿದ್ರ ಎಷ್ಟು ಸಿಗ್ತದ್ರಿ, ಇಷ್ಟೆಲ್ಲಾ ಮಾಡಿದ್ದಕ್ಕ ಫಾಯ್ದಾ ಅದ ಏನ್?

ಮ್ಯಾಲಿನ ರೇಟ್ ಹಿಡದೇ 400 ಚಾದರ್ ಕಳಿಸಿದ ಒಂದ ತಿಂಗಳಾ ತಗೋರಿ. 319 ಗಿರಾಕಿ ಕಡೆ ಉಳದವು, 36 ಆರ್‌ಟಿಓ, 42 ಗಿರಾಕಿ ರಿಟರ್ನ್, 3 ಪತ್ತೆ ಇಲ್ಲ.

ಉಳದ 319ರಾಗ ಬಂದ ಮೊತ್ತ ಮತ್ತ ಬರಬೇಕಾದ ಮೊತ್ತ ಹೋಲಿಸಿದ್ರ 23ಕ್ಕ ಸರಿಯಾಗಿ ₹47.20 ಕಡಿಮಿ. ಅಲ್ಲಿಗೆ ₹1085.60, ತೂಕದ್ದು. ಇನ್ನು 4 ಆರ್ಡರ್‌ಗೆ ಪೇಮೆಂಟ್ ಸಾಲೇ ಇಲ್ಲ, ಗಾಬರಿ ಆಗಬ್ಯಾಡ್ರಿ, ತಡವಾಗಿ ಮುಟ್ಟಿದ್ದವು ಮುಂದಿನ ಸೆಟ್ಲ್‌ಮೆಂಟ್‌ದಾಗ ಬರ್ತಾವ, ಕಾದು ನೋಡಿದ್ರ ಮೂರು ಬಂದವು, ಒಂದು ಬರಲೇ ಇಲ್ಲ. ಅದು ₹534.96. ಆರ್‌ಟಿಓ 36ರಾಗ 31 ಸೊನ್ನೆ, ಐದಕ್ಕ ರಿವರ್ಸ್ ಶಿಪ್ಪಿಂಗ್ ₹130 ಮತ್ತ ಜಿಎಸ್‌ಟಿ, ಅಂದ್ರ ₹153.40 ಮೈನಸ್. ಅಲ್ಲಿಗೆ ₹767. ಗಿರಾಕಿ ರಿಟರ್ನ್ 42ರಾಗ ರಜಿಸ್ಟರ್‌ದಾಗ 40 ಅವ, ಎರಡು ಇಲ್ಲ. ಪತ್ತೆ ಇಲ್ಲದ್ದು ಮೂರು. ಬಾರದ ಈ ಐದು ಚಾದರ್‌ಗೆ ಪರಿಹಾರ ಎಷ್ಟು ಅನ್ನೋದು ಪಾಲಿಸಿ ಮ್ಯಾಲೆ, ಮಾರಿದ ಬೆಲೆ ಪೂರಾ ಕೊಡಂಗಿಲ್ಲ ಅಂತನೇ ಹಿಡೀರಿ, ನಿಮ್ಮ ಖರೀದಿ ಬೆಲೆ ₹400 ಅಷ್ಟ ಹಿಡದ್ರೂ ₹2000.

ಕೂಡಿಸಿದ್ರ ₹4387.56. ಎಲ್ಲಾ ಗೆಲ್ಲಂಗಿಲ್ಲ. ತೂಕದ್ದು ಫೋಟೋ ಇದ್ದಷ್ಟಕ್ಕ ಅಷ್ಟ ಸಿಗ್ತದ. ಆದ್ರ ಒಂದ ಚಾದರ್ ಮ್ಯಾಲೆ ನಿಮ್ಗ ಉಳಿಯೋದು ₹534.96ರಾಗ ₹400 ಖರೀದಿ, ಪ್ಯಾಕಿಂಗ್ ಎಲ್ಲಾ ಕಳದು ಎಷ್ಟು ಅಂತ ನೀವೇ ಲೆಕ್ಕ ಹಾಕ್ರಿ, ಆಗ ₹47 ಸಣ್ಣದು ಅನ್ನಸಂಗಿಲ್ಲ.

ಟಿಸಿಎಸ್, ಟಿಡಿಎಸ್ ಅಂತ ಕಟ್ ಮಾಡ್ತಾರಲ್ಲ, ಅದೂ ಕ್ಲೇಮ್ ಹಾಕಬಹುದಾ?

ಅದು ಅವರ ಜೇಬಿಗೆ ಹೋಗಂಗಿಲ್ಲ, ನಿಮ್ಮ ಹೆಸರಿಗೇ ಸರಕಾರಕ್ಕ ಕಟ್ತಾರ. ಜಿಎಸ್‌ಟಿ ಟಿಸಿಎಸ್ 2024ರ ಜುಲೈ 10 ರಿಂದ 1% ಇದ್ದದ್ದು 0.5% ಆಗ್ಯದ, ವಾಪಸ್ ಬಂದ ಮಾಲ್ ಕಳದು ಉಳಿದ ಮಾರಾಟದ ಮ್ಯಾಲೆ. ಇನ್‌ಕಮ್ ಟ್ಯಾಕ್ಸ್ ಟಿಡಿಎಸ್, ಅದೇ 194-ಓ ಅಂತಿದ್ರಲ್ಲ, ಅದು 2024ರ ಅಕ್ಟೋಬರ್ 1 ರಿಂದ 1% ಇದ್ದದ್ದು 0.1%. ಹಳೇ ರೇಟ್‌ಲೇ ಕಟ್ ಆಗ್ಯದ ಏನ್ ಅಂತ ಅಷ್ಟ ಒಮ್ಮೆ ನೋಡ್ರಿ.

ಇಲ್ಲಿ ಮಾಡಬೇಕಾದ ತಾಳೆ ಬ್ಯಾರೆ. ಮಾರ್ಕೆಟ್‌ಪ್ಲೇಸ್‌ದವರು ಜಿಎಸ್‌ಟಿಆರ್-8 ಹಾಕಿದ ಮ್ಯಾಲೆ ಆ ಟಿಸಿಎಸ್ ನಿಮ್ಮ ಜಿಎಸ್‌ಟಿ ಪೋರ್ಟಲ್‌ದಾಗ ಕಾಣ್ತದ, "ಟಿಡಿಎಸ್ ಮತ್ತು ಟಿಸಿಎಸ್ ಕ್ರೆಡಿಟ್" ಅನ್ನೋ ಕಡೆ ಹೋಗಿ ನೀವು ಒಪ್ಪಿ ಫೈಲ್ ಮಾಡಿದ್ರನೇ ಕ್ಯಾಶ್ ಲೆಡ್ಜರ್‌ಗೆ ಬೀಳ್ತದ. ಅದನ್ನ ಒತ್ತಲಾರದ ಬಿಟ್ಟವರು ಭಾಳ ಮಂದಿ ಅದಾರ, ಸ್ವಂತ ರೊಕ್ಕ ಅಲ್ಲೇ ಕುಂತಿರ್ತದ. ಟಿಡಿಎಸ್ ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ದಾಗ ನೋಡ್ರಿ.

ಆರ್ಡರ್ ನಂಬರೇ ಇಲ್ಲದ ಕಟ್ ಅವಲ್ಲ?

ಜಾಹೀರಾತು, ಸ್ಟೋರೇಜ್, ಹಿಂದಿನ ಬಾಕಿ, ತಡಹಿಡಿದ ರಿಸರ್ವ್, ಇಂಥವು ಬ್ಯಾರೆ ಶೀಟಿನಾಗ ಇಡ್ರಿ. ಜಾಹೀರಾತಿನ ಕಟ್‌ನ ಅವರ ಆಡ್ಸ್ ಇನ್‌ವಾಯ್ಸ್‌ಗೆ ಹೋಲಿಸ್ರಿ. ರಿಸರ್ವ್ ಅಂದ್ರ ಒಂದ ಸೆಟ್ಲ್‌ಮೆಂಟ್‌ದಾಗ ಮೈನಸ್, ಮುಂದಿನದ್ರಾಗ ಪ್ಲಸ್ ಬರಬೇಕು, ಬರದಿದ್ರ ಕೇಳ್ರಿ. "ಅಡ್ಜಸ್ಟ್‌ಮೆಂಟ್" ಅಂತ ಒಂದೇ ಶಬ್ದ ಬರದು ದೊಡ್ಡ ಮೊತ್ತ ಕಳದಿದ್ರ ಯಾವ ಆರ್ಡರ್‌ದು ಅಂತ ಪಟ್ಟಿ ಕೇಳೋ ಹಕ್ಕು ನಿಮ್ಗ ಅದ.

ಕ್ಲೇಮ್ ಹ್ಯಾಂಗ ಹಾಕಿದ್ರ ನಿಲ್ತದ?

ಅವಧಿ ಮೊದಲ ನೋಡ್ರಿ. ಅಮೆಜಾನ್‌ದಾಗ ಸೇಫ್-ಟಿ ಕ್ಲೇಮ್ ಅಂತ, ಫ್ಲಿಪ್‌ಕಾರ್ಟ್‌ದಾಗ ಎಸ್‌ಪಿಎಫ್ ಅಂತ, ಎಲ್ಲಾ ಕಡೆ ಇಂತಿಷ್ಟು ದಿನದ ಒಳಗ ಅಂತ ಇರ್ತದ. ಬಾರದ ಮಾಲಿಗೆ ಒಂದ ಅವಧಿ, ಒಡದದ್ದಕ್ಕ ಇನ್ನೊಂದು ಅವಧಿ, ಅದೂ ಬದಲಾಗ್ತಿರ್ತದ, ಪಾಲಿಸಿ ಪೇಜ್ ನೋಡಿ ಗೋಡೆ ಮ್ಯಾಲೆ ಬರದು ಅಂಟಸ್ರಿ. ತಿಂಗಳಿಗೊಮ್ಮೆ ತಾಳೆ ಹಾಕೋರು ಸೋಲೋದು ಇಲ್ಲೇ, ರಿಟರ್ನ್ ತಾಳೆ ವಾರಕ್ಕೊಮ್ಮೆ ಆಗಬೇಕು. ಭೋಸರಿ ಕಡೆ ಗುರುವಾರ ಸುಟ್ಟಿ ಇರೋರಿಗೆ ಅದೇ ದಿನ ಅನುಕೂಲ.

ಒಂದ ಟಿಕೆಟ್‌ದಾಗ ಒಂದೇ ನಮೂನಿ ದೂರು. ತೂಕ, ಆರ್‌ಟಿಓ, ಬಾರದ ಮಾಲ್ ಎಲ್ಲಾ ಕಲಸಿ ಒಂದ ಮೇಲ್ ಬರದ್ರ ಒಂದಕ್ಕ ಉತ್ತರ ಕೊಟ್ಟು ಮುಚ್ಚಿಬಿಡ್ತಾರ. ಬರೆಯೋದೂ ಕಥಿ ಥರ ಬ್ಯಾಡ: ಆರ್ಡರ್ ಐಡಿ, ಏಡಬ್ಲ್ಯೂಬಿ, ನೀವು ಹಚ್ಚಿದ್ದು ಇಷ್ಟು, ರೇಟ್ ಕಾರ್ಡ್ ಪ್ರಕಾರ ಇಷ್ಟು, ಫರಕು ಇಷ್ಟು, ಸಾಕ್ಷಿ ಜೋಡಿಸೀನಿ. ಮುಗೀತು. "ನಾವು ಬಡವರು ಸೇಠ್" ಅಂತ ಬರದವರ ಟಿಕೆಟ್ ನೋಡೀನಿ, ಆರ್ಡರ್ ನಂಬರೇ ಇರಲಿಲ್ಲ.

ಮೊದಲ ಸರ್ತಿ ಬಹಳ ಸಲ ರೆಡಿಮೇಡ್ ಉತ್ತರದಿಂದ ರಿಜೆಕ್ಟ್ ಆಗ್ತದ. ಹೊಸಾ ಟಿಕೆಟ್ ಹಾಕಬ್ಯಾಡ್ರಿ, ಡೂಪ್ಲಿಕೇಟ್ ಅಂತ ಮುಚ್ತಾರ, ಹಳೇದನ್ನೇ ತಗದು ಅವರು ಕೊಟ್ಟ ಕಾರಣಕ್ಕ ಮಾತ್ರ ಉತ್ತರ ಕೊಡ್ರಿ. "ನಿಮಗೆ ಮುಟ್ಟಿದೆ" ಅಂದ್ರ ಸಹಿ ಇಲ್ಲಾ ಓಟಿಪಿ ಸಾಕ್ಷಿ ಕೇಳ್ರಿ, ಆ ದಿನದ್ದು ಆ ಸಹಿ ಮಾಡಿದ ಕಾಗದ ಜೋಡಸ್ರಿ. ಓಟಿಪಿ ಕೊಟ್ಟು, ಎಣಿಸಲಾರದ, ಸಹಿ ಕಾಗದನೂ ಇಲ್ಲ ಅಂದ್ರ ಅದನ್ನ ಬಿಡ್ರಿ, ಅದ್ರ ಹಿಂದ ಹೋದಷ್ಟು ಹೊತ್ತಿನಾಗ ಗೆಲ್ಲೋ ಹತ್ತು ಕ್ಲೇಮ್ ಅವಧಿ ಮುಗೀತದ.

ಪಾಸ್ ಆದ ಕ್ಲೇಮ್ ರೊಕ್ಕ ಬಂತಾ ಇಲ್ಲಾ ಹ್ಯಾಂಗ ತಿಳಿಯೋದು?

ಪಾಸ್ ಆತು ಅಂತ ಮೇಲ್ ಬಂದ ಕೂಡ್ಲೆ ಮಂದಿ ಮರತುಬಿಡ್ತಾರ, ಬಾಕಿ ಉಳಿಯೋದು ಇಲ್ಲೇ ಜಾಸ್ತಿ. ಕ್ಲೇಮ್‌ಗೆ ಒಂದ ಶೀಟ್ ಇಡ್ರಿ: ಐಡಿ, ಟಿಕೆಟ್ ನಂಬರ್, ಒಪ್ಪಿದ ಮೊತ್ತ, ಬಂದ ಸೆಟ್ಲ್‌ಮೆಂಟ್ ನಂಬರ್. ಕೊನೀ ಕಾಲಂ ಖಾಲಿ ಇದ್ರ ಅದು ಇನ್ನೂ ಬಾಕಿ. ಕೆಲವು ಕಡೆ ಪರಿಹಾರ ಕೊಟ್ಟ ಮ್ಯಾಲೆ ಮಾಲ್ ಸಿಕ್ತು ಅಂತ ಆ ರೊಕ್ಕ ವಾಪಸ್ ಕಟ್ ಮಾಡ್ತಾರ, ಹಂಗ ಆದ್ರ ಆ ಚಾದರ್ ನಿಮ್ಮ ರಜಿಸ್ಟರ್‌ದಾಗ ಬಂದಿರಬೇಕು, ಬಂದಿಲ್ಲ ಅಂದ್ರ ಅದೇ ಟಿಕೆಟ್ ಮತ್ತ ತಗೀರಿ.

ಜಿಎಸ್‌ಟಿ ಕಡೆ ಏನರೆ ನೋಡಬೇಕಾ?

ಅವರ ಫೀ ಮ್ಯಾಲಿನ 18% ನಿಮ್ಮ ಜಿಎಸ್‌ಟಿಆರ್-2ಬಿಯಾಗ ಬರ್ತದ, ರೆಗ್ಯುಲರ್ ನೋಂದಣಿ ಇದ್ರ ಕ್ರೆಡಿಟ್ ಸಿಗ್ತದ, ಹಂಗಾಗಿ ₹47.20ರಾಗ ನಿಮ್ಮ ಖರೆ ನಷ್ಟ ₹40. ಕ್ಲೇಮ್ ಗೆದ್ದು ಆ ಫೀ ತಿರುಗಿ ಬಂದ್ರ ಅವರು ಕ್ರೆಡಿಟ್ ನೋಟ್ ಹಾಕ್ತಾರ, ಆಗ ತಗೊಂಡ ₹7.20 ಕ್ರೆಡಿಟ್ ವಾಪಸ್ ಬಿಡಬೇಕು. ಕಳದು ಹೋದ ಮಾಲಿನ ಖರೀದಿ ಮ್ಯಾಲೆ ತಗೊಂಡ ಕ್ರೆಡಿಟೂ ಕಾನೂನು ಪ್ರಕಾರ ಬಿಡಬೇಕಾಗ್ತದ, ಅದಕ್ಕ ಆ ಐದು ಚಾದರ್ ಪಟ್ಟಿ ನಿಮ್ಮ ಸಿಎ ಅವರಿಗೆ ತಿಂಗಳಾ ರಿಟರ್ನ್ ಹಾಕೋ ಮೊದಲ ಕೊಡ್ರಿ.

ಇದಕ್ಕ ಸಾಫ್ಟ್‌ವೇರ್ ತಗೊಂಡ್ರ ಆಗೋದಿಲ್ಲಾ?

ತಿಂಗಳಿಗೆ ಸಾವಿರಾರು ಆರ್ಡರ್, ನಾಕೈದು ಮಾರ್ಕೆಟ್‌ಪ್ಲೇಸ್ ಇದ್ರ ತಗೋರಿ, ಫೈಲ್ ಜೋಡಿಸಿ ಫರಕು ತಗಿಯೋದು ಅದು ನಮಗಿಂತ ಲಗೂನ ಮಾಡ್ತದ. ಆದ್ರ ನಿಮ್ಮ ಬಾಗಲದ ರಜಿಸ್ಟರ್, ಪ್ಯಾಕೆಟ್ ಅಳತೆ, ರೇಟ್ ಕಾರ್ಡ್ ಇವು ಮೂರೂ ನೀವು ತುಂಬಿದ್ರ ಅಷ್ಟ ಅದಕ್ಕ ಗೊತ್ತಾಗ್ತದ. ರಜಿಸ್ಟರ್ ಇಲ್ಲದ ಗೋಡೌನಿಗೆ ಸಾಫ್ಟ್‌ವೇರ್ ಹಚ್ಚಿದ್ರ ಅದು ಪೋರ್ಟಲ್ ಹೇಳಿದ "ಮುಟ್ಟಿದೆ"ನ್ನೇ ಹಸಿರು ಬಣ್ಣದಾಗ ತೋರಸ್ತದ. ನಾಕನೂರು ಆರ್ಡರ್ ತನಕ ಮ್ಯಾಲೆ ಹೇಳಿದ ಶೀಟು, ಒಂದ SUMIFS, ಒಂದ COUNTIF ಸಾಕು.